ಇಂಟರ್ನ್‌ಶಿಪ್ ಮುಗಿದ ಮೇಲೂ ಕೆಲಸ ಮುಂದುವರಿಸಬೇಕೆ? ಪತ್ರದಲ್ಲಿ ಗಂಟೆಗಳ ಲೆಕ್ಕ ಇರಲಿ

ಮೈಸೂರಿನ ಒಂದು ತೆರಿಗೆ ಸಲಹೆಗಾರರ ಕಚೇರಿ ಎಂದುಕೊಳ್ಳಿ. ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳು ಅಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ಮಾಡಿದ್ದಾಳೆ. ಖರೀದಿ ಬಿಲ್ಲುಗಳನ್ನು ಟ್ಯಾಲಿಯಲ್ಲಿ ಏರಿಸುವುದು ಕೈಗೆ ಹತ್ತಿದೆ. ಜೂನ್ 30ಕ್ಕೆ ಅವಧಿ ಮುಗಿಯುತ್ತದೆ, ಜುಲೈಯಲ್ಲಿ ಕಾಲೇಜು ಶುರು. ಅರೆಕಾಲಿಕವಾಗಿ ಮುಂದುವರಿಯುವ ಆಸೆಯಿಂದ ಅವಳು ಪತ್ರ ಬರೆಯುತ್ತಾಳೆ: 'ಬಿಡುವಿದ್ದಾಗಲೆಲ್ಲ ಬರುತ್ತೇನೆ, ದಯವಿಟ್ಟು ಅವಕಾಶ ಕೊಡಿ.'

ಈ ಸಾಲು ಓದಿ ಯಾವ ಯಜಮಾನರಿಗೂ ತೀರ್ಮಾನ ಮಾಡಲು ಆಗುವುದಿಲ್ಲ. ಯಾವ ದಿನ ಬರುತ್ತಾಳೆ, ಎಷ್ಟು ಹೊತ್ತು ಇರುತ್ತಾಳೆ, ಯಾವ ಕೆಲಸವನ್ನು ಅವಳಿಗೆಂದು ಎತ್ತಿಡಬಹುದು ಎಂಬ ಮೂರೂ ಪ್ರಶ್ನೆಗಳು ಹಾಗೇ ಉಳಿಯುತ್ತವೆ. ಅವಕ್ಕೆ ಉತ್ತರ ಕೊಡುವುದೇ ಪತ್ರದ ಕೆಲಸ.

ಮೊದಲು ಕಚೇರಿಯ ತಿಂಗಳನ್ನು ನೋಡಬೇಕು. ತಿಂಗಳಿಗೊಮ್ಮೆ ಜಿಎಸ್‌ಟಿ ಲೆಕ್ಕ ಸಲ್ಲಿಸುವವರಿಗೆ ಮಾರಾಟದ ವಿವರ, ಅಂದರೆ ಜಿಎಸ್‌ಟಿಆರ್-1, ಸಾಮಾನ್ಯವಾಗಿ 11ನೇ ತಾರೀಖಿನೊಳಗೆ ಹೋಗಬೇಕು. ಮಾರಾಟಗಾರರು ತೋರಿಸಿದ ಬಿಲ್ಲುಗಳ ಪಟ್ಟಿಯಾದ 2ಬಿ 14ರಂದು ಸಿಗುತ್ತದೆ. ಅದನ್ನು ಖರೀದಿ ಪುಸ್ತಕದೊಂದಿಗೆ ತಾಳೆ ನೋಡಿ 20ರೊಳಗೆ 3ಬಿ ಸಲ್ಲಿಸಬೇಕು. ಹಾಗಾಗಿ 14ರಿಂದ 20ರವರೆಗೆ ಕಚೇರಿಗೆ ಕೈಗಳು ಸಾಲವು. ಎಲ್ಲ ವಾರಕ್ಕೂ ಒಂದೇ ಗಂಟೆ ಬರೆದರೆ ಬೇಕಾದಾಗ ಅವಳು ಇರುವುದಿಲ್ಲ, ಬೇಡವಾದಾಗ ಕೂತಿರುತ್ತಾಳೆ.

ಆಮೇಲೆ ತನ್ನ ವಾರ. ತರಗತಿ ಎರಡು ಗಂಟೆಗೆ ಮುಗಿಯುತ್ತದೆ, ಊಟ, ಬಸ್ಸು ಸೇರಿ ಕಚೇರಿ ಮುಟ್ಟುವಾಗ ಮೂರೂವರೆ. ಪತ್ರದಲ್ಲಿ ಮೂರು ಗಂಟೆ ಎಂದು ಬರೆದು ದಿನವೂ ತಡವಾಗಿ ಬಂದರೆ ಹೆಸರು ಕೆಡುತ್ತದೆ. ಕೆಲಸ ಕಚೇರಿಯಲ್ಲೇ ಆಗಬೇಕು, ಗ್ರಾಹಕರ ಕಾಗದಪತ್ರಗಳನ್ನು ಮನೆಗೆ ಒಯ್ಯುವಂತಿಲ್ಲ. ಈ ಲೆಕ್ಕ ಹಾಕಿಕೊಂಡು ಬರೆದರೆ ಪತ್ರ ಹೀಗಿರುತ್ತದೆ:

'ವಿಷಯ: ಜುಲೈ 1ರಿಂದ ಅರೆಕಾಲಿಕವಾಗಿ ಮುಂದುವರಿಯಲು ಕೋರಿಕೆ.

ಮಾನ್ಯರೇ,

ನನ್ನ ಇಂಟರ್ನ್‌ಶಿಪ್ ಜೂನ್ 30ಕ್ಕೆ ಮುಗಿಯುತ್ತದೆ. ಈಗ ನೋಡಿಕೊಳ್ಳುತ್ತಿರುವ ಆರು ಅಂಗಡಿಗಳ ಖರೀದಿ ಬಿಲ್ಲು ಮತ್ತು 2ಬಿ ತಾಳೆಯ ಕೆಲಸವನ್ನು ಸೆಪ್ಟೆಂಬರ್ 30ರವರೆಗೆ ಮುಂದುವರಿಸಲು ಅನುಮತಿ ಕೋರುತ್ತೇನೆ.

ಮಂಗಳವಾರ, ಗುರುವಾರ: ಮಧ್ಯಾಹ್ನ 3.30ರಿಂದ 6.30.
ಶನಿವಾರ: ಬೆಳಿಗ್ಗೆ 10ರಿಂದ 5, ನಡುವೆ ಒಂದು ಗಂಟೆ ಊಟದ ಬಿಡುವು.
ವಾರಕ್ಕೆ ಒಟ್ಟು 12 ಗಂಟೆ.

3ಬಿ ಸಲ್ಲಿಸುವ ವಾರದಲ್ಲಿ ಸೋಮವಾರ, ಬುಧವಾರವೂ 3.30ರಿಂದ 6.30ರವರೆಗೆ ಬರುತ್ತೇನೆ. ಆ ವಾರ 18 ಗಂಟೆ.

ಸೆಪ್ಟೆಂಬರ್ 18 ಮತ್ತು 19ರಂದು ಕಿರುಪರೀಕ್ಷೆ ಇರುವುದರಿಂದ ಬರಲಾಗುವುದಿಲ್ಲ. ಆ ತಿಂಗಳ ತಾಳೆಯನ್ನು 17ರೊಳಗೆ ಮುಗಿಸಿಕೊಡುತ್ತೇನೆ. ಜುಲೈ ಕೊನೆಗೆ ನನ್ನ ಕೆಲಸ ನೋಡಿ, ವೇಳೆಯಲ್ಲಿ ಬದಲಾವಣೆ ಬೇಕಿದ್ದರೆ ತಿಳಿಸಿ.

ತಮ್ಮ ವಿಶ್ವಾಸಿ'

ಇಲ್ಲಿ ಬಹಳ ಬೆಲೆಯುಳ್ಳದ್ದು ಪರೀಕ್ಷೆಯ ಸಾಲು. ಬರಲಾಗದ ದಿನವನ್ನು ಮುಂಚೆಯೇ ಹೇಳಿ, ಅದರಿಂದ ಕೆಲಸ ನಿಲ್ಲದ ದಾರಿಯನ್ನೂ ತೋರಿಸಿದ್ದಾಳೆ. ಅದನ್ನು ಮುಚ್ಚಿಟ್ಟು 18ರ ಬೆಳಿಗ್ಗೆ ಫೋನ್ ಮಾಡಿದರೆ 20ರ ಗಡುವಿಗೆ ಎರಡೇ ದಿನ ಉಳಿದಿರುತ್ತದೆ.

ಆದರೆ 12 ಗಂಟೆಯಲ್ಲಿ ಆರು ಅಂಗಡಿಗಳ ಕೆಲಸ ಆಗುತ್ತದೆಯೇ? ಇದನ್ನು ಊಹಿಸಬಾರದು. ಇಂಟರ್ನ್‌ಶಿಪ್ಪಿನ ಕೊನೆಯ ಎರಡು ವಾರ ಯಾವ ಅಂಗಡಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ವಾರಕ್ಕೆ 15 ಗಂಟೆ ಬಂದರೆ ಪತ್ರದಲ್ಲಿ ಅಂಗಡಿಗಳನ್ನು ಕಡಿಮೆ ಮಾಡಬೇಕೇ ಹೊರತು ನಿದ್ದೆಯನ್ನಲ್ಲ.

ದುಡ್ಡಿನ ಮಾತಿಗೂ ಈ ಗಂಟೆಗಳೇ ಆಧಾರ. ಇಂಟರ್ನ್‌ಶಿಪ್ಪಿನಲ್ಲಿ ವಾರಕ್ಕೆ 42 ಗಂಟೆಗೆ ತಿಂಗಳಿಗೆ 8,400 ರೂಪಾಯಿ ಸಿಗುತ್ತಿತ್ತು ಎಂದುಕೊಂಡರೆ, ನಾಲ್ಕು ವಾರಕ್ಕೆ 168 ಗಂಟೆ, ಗಂಟೆಗೆ 50 ರೂಪಾಯಿ. ಹೊಸ ಯೋಜನೆಯಲ್ಲಿ 12 ಗಂಟೆಯ ಮೂರು ವಾರ, 18 ಗಂಟೆಯ ಒಂದು ವಾರ ಸೇರಿ 54 ಗಂಟೆ, ಅಂದರೆ 2,700 ರೂಪಾಯಿ. ಈ ಅಂಕಿಯಿಂದ ಮಾತು ಶುರುವಾದರೆ ಇಬ್ಬರಿಗೂ ಮುಜುಗರವಿಲ್ಲ. ಇದನ್ನು ಪತ್ರದಲ್ಲಿ ಬರೆಯದೆ ಎದುರು ಕೂತು ಮಾತಾಡುವುದು ವಾಸಿ.

ಪತ್ರವನ್ನು ಅವಧಿ ಮುಗಿಯಲು ಎರಡು ಮೂರು ವಾರ ಇರುವಾಗಲೇ ಕೊಡಿ. ಅದಕ್ಕೂ ಮೊದಲು, ದಿನವೂ ಕೆಲಸ ಹೇಳಿಕೊಟ್ಟ ಹಿರಿಯರ ಕಿವಿಗೆ ಹಾಕಿ. ಒಪ್ಪಿಗೆ ಸಿಕ್ಕರೂ ಇಂಟರ್ನ್‌ಶಿಪ್ ಮುಗಿದ ಪ್ರಮಾಣಪತ್ರವನ್ನು ಜೂನ್ 30ರ ತಾರೀಖಿಗೇ ಪಡೆಯಿರಿ, ಜುಲೈ 1ರಿಂದ ಶುರುವಾಗುವ ಕೆಲಸಕ್ಕೆ ಬೇರೆ ಪತ್ರ ಕೇಳಿ. ಕಾಲೇಜಿಗೆ ಬೇಕಾಗುವುದು ಮೊದಲನೆಯದು, ನಿಮ್ಮ ಗಂಟೆಗಳಿಗೆ ಸಾಕ್ಷಿ ಎರಡನೆಯದು.