ನೆಟ್ ಇಲ್ಲದ ಫೋನಿನಿಂದಲೂ ಹಣ ಕಳಿಸಬಹುದು: *99# ದಾರಿ

ಪ್ರೀಪೇಯ್ಡ್ ಸಿಮ್ಮಿನಲ್ಲಿ ಎಷ್ಟು ದುಡ್ಡು ಉಳಿದಿದೆ ಎಂದು ನೋಡಲು *123# ಒತ್ತುತ್ತಿದ್ದದ್ದು ಹಲವರಿಗೆ ನೆನಪಿರಬಹುದು. ಕರೆ ಗುಂಡಿ ಒತ್ತಿದರೆ ರಿಂಗ್ ಆಗುತ್ತಿರಲಿಲ್ಲ, ಮೆಸೇಜೂ ಬರುತ್ತಿರಲಿಲ್ಲ. ಪರದೆಯ ಮೇಲೆ ನಾಲ್ಕು ಸಾಲು ಮೂಡಿ, ಓದಿದ ಮೇಲೆ ಮಾಯವಾಗುತ್ತಿತ್ತು. ಯುಎಸ್‌ಎಸ್‌ಡಿ ಎಂದರೆ ಇದೇ. ಇದೇ ದಾರಿಯಲ್ಲಿ *99# ಒತ್ತಿದರೆ ತೆರೆದುಕೊಳ್ಳುವುದು ನಮ್ಮ ಬ್ಯಾಂಕ್ ಖಾತೆ. ಸ್ಮಾರ್ಟ್‌ಫೋನ್ ಬೇಡ, ಡೇಟಾ ಪ್ಯಾಕ್ ಬೇಡ. ಗುಂಡಿ ಫೋನು, ಸಿಗ್ನಲ್, ಬ್ಯಾಂಕಿಗೆ ಜೋಡಿಸಿದ ಸಿಮ್ ಇದ್ದರೆ ಆಯಿತು.

ಈ ಸೇವೆ ನಡೆಸುವುದು ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆಯೇ. 2012ರಲ್ಲಿ ಸಣ್ಣದಾಗಿ ಶುರುವಾದ ಇದನ್ನು 2014ರ ಆಗಸ್ಟ್ 28ರಂದು, ಜನಧನ ಯೋಜನೆಯ ಜೊತೆಗೆ, ದೇಶಕ್ಕೆಲ್ಲ ತೆರೆಯಲಾಯಿತು. ಯುಪಿಐ ಬಂದ ಮೇಲೆ ಇದನ್ನೂ ಅದಕ್ಕೇ ಜೋಡಿಸಿದರು. ಹಾಗಾಗಿ ಗುಂಡಿ ಫೋನಿನವರು ಕಳಿಸಿದ ಹಣ ಸ್ಮಾರ್ಟ್‌ಫೋನಿನವರ ಯುಪಿಐ ಖಾತೆಗೆ ನೇರವಾಗಿ ಹೋಗುತ್ತದೆ. ಹಿಂದೆ ಪ್ರತಿ ಸಲ *99# ಬಳಸಿದ್ದಕ್ಕೆ ಮೊಬೈಲ್ ಕಂಪನಿಗಳು 50 ಪೈಸೆಯವರೆಗೆ ಹಿಡಿಯಬಹುದಿತ್ತು. 2022ರ ಏಪ್ರಿಲ್‌ನಲ್ಲಿ ಟ್ರಾಯ್ ಆ ಶುಲ್ಕವನ್ನು ಸೊನ್ನೆಗೆ ಇಳಿಸಿತು.

ಇಂಟರ್‌ನೆಟ್ ಇಲ್ಲದೆ ಇದು ಹೇಗೆ ನಡೆಯುತ್ತದೆ? ನಾವು ಯಾರಿಗಾದರೂ ಕರೆ ಮಾಡಿದಾಗ ಮಾತು ಹರಿಯುವ ಮುನ್ನ ಫೋನು ಮತ್ತು ಟವರಿನ ನಡುವೆ ಒಂದಷ್ಟು ಸಂಕೇತಗಳು ಓಡಾಡುತ್ತವೆ: ಈ ಸಿಮ್ ಯಾರದು, ಯಾವ ನಂಬರಿಗೆ ಕರೆ, ಆ ಕಡೆಯವರು ಎಲ್ಲಿದ್ದಾರೆ ಎಂಬ ಲೆಕ್ಕಾಚಾರ. ಯುಎಸ್‌ಎಸ್‌ಡಿ ಸಾಗುವುದು ಈ ಸಂಕೇತಗಳ ದಾರಿಯಲ್ಲೇ. ನಾವು ಒತ್ತಿದ *99# ಮೊಬೈಲ್ ಕಂಪನಿಯ ಮೂಲಕ ಎನ್‌ಪಿಸಿಐಗೆ, ಅಲ್ಲಿಂದ ಬ್ಯಾಂಕಿಗೆ ಮುಟ್ಟುತ್ತದೆ. ಬಂದ ಉತ್ತರ ಪರದೆಯ ಮೇಲೆ ಮೆನುವಾಗಿ ಕಾಣುತ್ತದೆ. ಎಸ್‌ಎಂಎಸ್ ಆದರೆ ಫೋನು ಆಫ್ ಆಗಿದ್ದರೂ ಕಾದಿದ್ದು ಆಮೇಲೆ ಬರುತ್ತದೆ. ಇಲ್ಲಿ ಕಾಯುವ ಮಾತಿಲ್ಲ. ಮೆನು ಶುರುವಾದಾಗಿನಿಂದ ಮುಗಿಯುವವರೆಗೆ ಸಂಪರ್ಕ ಜೀವಂತವಾಗಿರಬೇಕು. ಈ ಸೇವೆಯ ಅನುಕೂಲ, ತೊಂದರೆ ಎರಡೂ ಹುಟ್ಟುವುದು ಇಲ್ಲಿಂದಲೇ.

ಮೊದಲ ಸಲ ಮಾತ್ರ ನೋಂದಣಿ ಮಾಡಿಕೊಳ್ಳಬೇಕು. ಬ್ಯಾಂಕಿನಲ್ಲಿ ಕೊಟ್ಟಿರುವ ಸಿಮ್ಮಿನಿಂದಲೇ *99# ಒತ್ತಬೇಕು. ಎರಡು ಸಿಮ್ ಇರುವ ಫೋನಿನಲ್ಲಿ ಬೇರೆ ಸಿಮ್ ಆರಿಸಿಕೊಂಡರೆ ಖಾತೆ ಸಿಗುವುದಿಲ್ಲ. ಬ್ಯಾಂಕಿನ ಹೆಸರು ಅಥವಾ ಐಎಫ್‌ಎಸ್‌ಸಿಯ ಮೊದಲ ನಾಲ್ಕು ಅಕ್ಷರ ಕೊಟ್ಟರೆ ಆ ನಂಬರಿಗೆ ಸೇರಿದ ಖಾತೆಗಳ ಪಟ್ಟಿ ಬರುತ್ತದೆ. ಖಾತೆ ಆರಿಸಿ, ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಅದರ ಅವಧಿ ಮುಗಿಯುವ ತಿಂಗಳು, ವರ್ಷ ಹಾಕಿದರೆ ಯುಪಿಐ ಪಿನ್ ಇಟ್ಟುಕೊಳ್ಳಬಹುದು. ಬಹಳ ಜನ ನಿಲ್ಲುವುದು ಇಲ್ಲೇ. ಪಾಸ್‌ಬುಕ್ ಇರುತ್ತದೆ, ಕಾರ್ಡ್ ಇರುವುದಿಲ್ಲ. ಇದ್ದರೂ ಅವಧಿ ಮುಗಿದಿರುತ್ತದೆ. ಅಂಥವರು ಮೊದಲು ಬ್ಯಾಂಕಿಗೆ ಹೋಗಿ ಕಾರ್ಡ್ ಸರಿಮಾಡಿಸಿಕೊಳ್ಳಬೇಕು.

ಈಗ ಒಂದು ವ್ಯವಹಾರವನ್ನು ಮೊದಲಿನಿಂದ ಕೊನೆಯವರೆಗೆ ನೋಡೋಣ. ರೈತರೊಬ್ಬರು ಗೊಬ್ಬರದಂಗಡಿಯಲ್ಲಿ ಎರಡು ಚೀಲ ಡಿಎಪಿ ತೆಗೆದುಕೊಂಡರು ಎಂದುಕೊಳ್ಳಿ. ಚೀಲಕ್ಕೆ 1,350ರಂತೆ ಒಟ್ಟು 2,700 ರೂಪಾಯಿ. ಅಂಗಡಿಯ ಮೇಜಿನ ಮೇಲೆ ಕ್ಯುಆರ್ ಕೋಡ್ ಇದೆ, ಆದರೆ *99# ದಾರಿಯಲ್ಲಿ ಅದನ್ನು ಸ್ಕ್ಯಾನ್ ಮಾಡಲಾಗದು. ಹಾಗಾಗಿ ಅಂಗಡಿಯವರ ಯುಪಿಐ ಇರುವ ಮೊಬೈಲ್ ನಂಬರ್ ಕೇಳಿಕೊಳ್ಳಬೇಕು. *99# ಒತ್ತಿದ ಮೇಲೆ ಬರುವ ಮೆನುವಿನಲ್ಲಿ ಮೊದಲನೆಯದೇ ಹಣ ಕಳಿಸುವುದು. 1 ಒತ್ತಿ ಉತ್ತರ ಕಳಿಸಬೇಕು. ಯಾರಿಗೆ ಎಂಬ ಪಟ್ಟಿಯಲ್ಲಿ ಮೊಬೈಲ್ ನಂಬರಿಗೆ ಮತ್ತೆ 1. ಹತ್ತು ಅಂಕಿಯ ನಂಬರ್ ಹಾಕಿದರೆ ಆ ಖಾತೆದಾರರ ಹೆಸರು ಕಾಣಿಸಿ, ಮೊತ್ತ ಕೇಳುತ್ತದೆ. ಇಲ್ಲಿ ಒಂದು ಕ್ಷಣ ನಿಂತು ಹೆಸರನ್ನು ಓದಬೇಕು, ಓದು ಬಾರದವರು ಅಂಗಡಿಯವರಿಗೇ ತೋರಿಸಬಹುದು. ಒಂದು ಅಂಕಿ ತಪ್ಪಿದರೂ ಹಣ ಬೇರೆಯವರಿಗೆ ಹೋಗುತ್ತದೆ, ಅದು ಗೊತ್ತಾಗುವುದು ಈ ಹೆಸರಿನಿಂದಲೇ. ಆಮೇಲೆ 2700 ಎಂದು ಹಾಕಿ, ಟಿಪ್ಪಣಿ ಬೇಡವೆಂದರೆ 1 ಒತ್ತಿ, ಕೊನೆಗೆ ಪಿನ್. ಹಣ ಹೋಯಿತು ಎಂಬ ಸಾಲು ವ್ಯವಹಾರದ ನಂಬರಿನ ಜೊತೆ ಬರುತ್ತದೆ. ಬ್ಯಾಂಕಿನ ಎಸ್‌ಎಂಎಸ್ ಬೇರೆಯಾಗಿ ಬರುತ್ತದೆ.

ಮೂರು ಚೀಲವಾದರೂ 4,050 ರೂಪಾಯಿ, ನಡೆಯುತ್ತದೆ. ನಾಲ್ಕು ಚೀಲಕ್ಕೆ 5,400 ಆಗುತ್ತದೆ, ಅದು ಹೋಗುವುದಿಲ್ಲ. *99# ಮಿತಿ 5,000 ರೂಪಾಯಿ.

ಮಧ್ಯದಲ್ಲಿ ಸಂಪರ್ಕ ಕಡಿದರೆ? ಸಿಗ್ನಲ್ ಹೋದರೂ, ಉತ್ತರ ಹಾಕುವುದು ತಡವಾದರೂ ಮೆನು ಮುಚ್ಚಿಕೊಳ್ಳುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ಪಿನ್ ಹಾಕುವ ಮುಂಚೆ ಕಡಿದರೆ ಚಿಂತೆಯಿಲ್ಲ, ಹಣ ಕದಲಿರುವುದಿಲ್ಲ. ಪಿನ್ ಹಾಕಿ ಕಳಿಸಿದ ಮೇಲೆ ಕಡಿದರೆ ಮಾತ್ರ ಅವಸರ ಮಾಡಬಾರದು. ಬ್ಯಾಂಕಿನ ಕಡೆ ಕೆಲಸ ಆಗಿಹೋಗಿ, ಉತ್ತರ ಮಾತ್ರ ನಮಗೆ ಮುಟ್ಟದೆ ಇರಬಹುದು. ಆಗ ಮತ್ತೆ ಕಳಿಸಿದರೆ 2,700ರ ಜಾಗದಲ್ಲಿ 5,400 ಹೋಗುತ್ತದೆ. ಮೊದಲು *99# ಒತ್ತಿ 3ನೆಯದನ್ನು ಆರಿಸಿ ಖಾತೆಯಲ್ಲಿ ಎಷ್ಟಿದೆ ನೋಡಬೇಕು. ಹಣ ಕಡಿತವಾಗಿ ಆ ಕಡೆ ಜಮೆ ಆಗದಿದ್ದರೆ ಮಾರನೆಯ ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2019ರಲ್ಲಿ ನಿಯಮ ಮಾಡಿದೆ.

ಕನ್ನಡದಲ್ಲೂ ಮೆನು ಇದೆ, *99*26# ಒತ್ತಬೇಕು. ಆದರೆ ಒಂದು ತೊಡಕು. ಯುಎಸ್‌ಎಸ್‌ಡಿಯ ಒಂದು ಪರದೆಯಲ್ಲಿ ಇಂಗ್ಲಿಷಿನ 182 ಅಕ್ಷರ ಹಿಡಿಸುತ್ತದೆ, ಕನ್ನಡದಂಥ ಲಿಪಿಗೆ ಸಿಗುವುದು 80 ಚಿಹ್ನೆ ಮಾತ್ರ. ಅದರಲ್ಲೂ 'ಕ್ಷ' ಬರೆದರೆ ಕ, ವಿರಾಮ, ಷ ಎಂದು ಮೂರು ಚಿಹ್ನೆ ಖರ್ಚಾಗುತ್ತದೆ. ಒಂದು ಪರದೆಯಲ್ಲಿ ಹೇಳಬಹುದಾದದ್ದು ಹೀಗೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಜೊತೆಗೆ ಕೆಲವು ಹಳೆಯ ಫೋನುಗಳಲ್ಲಿ ಕನ್ನಡ ಅಕ್ಷರದ ಬದಲು ಖಾಲಿ ಚೌಕಗಳು ಕಾಣುತ್ತವೆ. ಅದಕ್ಕೇ ಎಷ್ಟೋ ಜನ ಓದಿ ಆರಿಸುವ ಬದಲು 'ಒಂದು, ಒಂದು, ನಂಬರು, ದುಡ್ಡು, ಒಂದು, ಪಿನ್' ಎಂದು ಬಾಯಿಪಾಠ ಮಾಡಿಕೊಳ್ಳುತ್ತಾರೆ. ಹಾಗೆ ಮಾಡಿದರೂ ಹೆಸರು ನೋಡುವುದನ್ನು ಬಿಡಬಾರದು.

ಸುರಕ್ಷತೆಯಲ್ಲಿ ಎರಡು ಮಾತು. ಇಲ್ಲಿ ಪಿನ್ ಹಾಕುವಾಗ ಅಂಕಿಗಳು ಚುಕ್ಕೆಗಳಾಗಿ ಮರೆಯಾಗುವುದಿಲ್ಲ, ಇದ್ದ ಹಾಗೇ ಕಾಣುತ್ತವೆ. ಹೆಸರು ನೋಡಲು ಅಂಗಡಿಯವರಿಗೆ ಫೋನು ಕೊಟ್ಟಿದ್ದರೆ ಪಿನ್‌ಗೆ ಮುಂಚೆ ವಾಪಸ್ ತೆಗೆದುಕೊಳ್ಳಿ. ಎರಡನೆಯದು, ನಕ್ಷತ್ರ ಚಿಹ್ನೆಯಿಂದ ಶುರುವಾಗುವ ಕೋಡುಗಳೆಲ್ಲ ಬ್ಯಾಂಕಿನವಲ್ಲ. *401* ಎಂದು ಹಾಕಿ ಒಂದು ನಂಬರ್ ಒತ್ತಿ ಎಂದು ಯಾರಾದರೂ ಫೋನಿನಲ್ಲಿ ಹೇಳಿದರೆ ಒತ್ತಬೇಡಿ. ನಿಮಗೆ ಬರುವ ಕರೆಗಳು ಅವರ ಕಡೆ ತಿರುಗುತ್ತವೆ. ಒತ್ತಿಬಿಟ್ಟಿದ್ದರೆ ##002# ಒತ್ತಿ ಅದನ್ನು ರದ್ದು ಮಾಡಬಹುದು.

*99# ಒತ್ತಿದಾಗ ಕೋಡ್ ಸರಿಯಿಲ್ಲ ಎಂದೇ ಮತ್ತೆ ಮತ್ತೆ ಬರುತ್ತಿದ್ದರೆ ಆ ಜಾಲದಲ್ಲಿ ಸೇವೆ ಸಿಗುತ್ತಿಲ್ಲ ಎಂದರ್ಥ. ಅಂಥವರಿಗೆ 2022ರ ಮಾರ್ಚ್‌ನಲ್ಲಿ ಬಂದ ಯುಪಿಐ 123ಪೇ ಇದೆ. ಅದರಲ್ಲಿ ಒಂದು ನಂಬರಿಗೆ ಕರೆ ಮಾಡಿ, ಧ್ವನಿ ಹೇಳಿದಂತೆ ಗುಂಡಿ ಒತ್ತಿ ಹಣ ಕಳಿಸಬಹುದು.

ಮನೆಯಲ್ಲಿ ಗುಂಡಿ ಫೋನು ಬಳಸುವ ಹಿರಿಯರಿದ್ದರೆ ಕಾರ್ಡ್ ಮುಂದಿಟ್ಟುಕೊಂಡು ನೋಂದಣಿ ಮಾಡಿಸಿ, ಮೊದಲ ಸಲ ನಿಮ್ಮ ನಂಬರಿಗೇ ಒಂದು ರೂಪಾಯಿ ಕಳಿಸಲು ಹೇಳಿ. ಪಿನ್ ಮಾತ್ರ ಅವರೇ ಒತ್ತಲಿ, ನೀವು ನೋಡಬೇಡಿ.