ವಿನೆಗರ್ ಆಮ್ಲದ ಪಿಎಚ್: ಸುಲಭದಾರಿ ಎಲ್ಲಿಯವರೆಗೆ?

ವಿನೆಗರಿಗೆ ಹುಳಿ ಕೊಡುವ ಅಸಿಟಿಕ್ ಆಮ್ಲ ನೀರಿನಲ್ಲಿ ಪೂರ್ತಿ ಒಡೆಯುವುದಿಲ್ಲ. ಕೆಲವು ಅಣುಗಳಷ್ಟೇ ಹೈಡ್ರೋಜನ್ ಅಯಾನನ್ನು ಬಿಟ್ಟುಕೊಡುತ್ತವೆ, ಉಳಿದವು ಇಡಿಯಾಗಿಯೇ ಇರುತ್ತವೆ. ಅದನ್ನು ದುರ್ಬಲ ಆಮ್ಲ ಎನ್ನುವುದು ಇದಕ್ಕೇ. ಎಷ್ಟು ಒಡೆಯುತ್ತದೆ ಎಂಬುದನ್ನು ವಿಯೋಜನ ಸ್ಥಿರಾಂಕ ಹೇಳುತ್ತದೆ. ಅಸಿಟಿಕ್ ಆಮ್ಲಕ್ಕೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸುಮಾರು 1.8 × 10⁻⁵. ಬೆರೆಸಿದ ಆಮ್ಲದ ಸಾರತೆ C, ಹೈಡ್ರೋಜನ್ ಅಯಾನಿನ ಸಾರತೆ x ಎಂದಾದರೆ ಲೆಕ್ಕ ಹೀಗೆ:

Ka = x² / (C − x)

ಛೇದದಲ್ಲಿ x ಕಳೆದಿರುವುದೇಕೆಂದರೆ, ಒಡೆದುಹೋದಷ್ಟು ಆಮ್ಲ ಇನ್ನು ಆಮ್ಲವಾಗಿ ಉಳಿದಿಲ್ಲ. ಇದನ್ನು ಬಿಡಿಸಿ ಬರೆದರೆ x² + Ka·x − Ka·C = 0 ಎಂಬ ವರ್ಗ ಸಮೀಕರಣ ಸಿಗುತ್ತದೆ. ಸುಲಭದಾರಿ ಆ ಕಳೆಯುವಿಕೆಯನ್ನೇ ಕೈಬಿಡುತ್ತದೆ. ಆಗ x = √(Ka·C), ಒಂದು ವರ್ಗಮೂಲ ತೆಗೆದರೆ ಮುಗಿಯಿತು.

0.1 ಮೋಲಾರ್ ದ್ರಾವಣದಲ್ಲಿ ಸುಲಭದಾರಿ ಕೊಡುವ ಪಿಎಚ್ 2.872, ವರ್ಗ ಸಮೀಕರಣ ಕೊಡುವುದು 2.875. ಸಾಮಾನ್ಯ ಪಿಎಚ್ ಮೀಟರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಸ್ಥಿರಾಂಕವನ್ನೇ ಎರಡು ಅಂಕಿಗಳಲ್ಲಿ ಬರೆದುಕೊಂಡು ಪಿಎಚ್‌ನ ಮೂರನೆಯ ದಶಾಂಶಕ್ಕಾಗಿ ಬೆವರು ಸುರಿಸುವುದರಲ್ಲಿ ಅರ್ಥವೂ ಇಲ್ಲ.

ಅದೇ ದ್ರಾವಣವನ್ನು ಸಾವಿರ ಪಟ್ಟು ತೆಳುವಾಗಿಸಿ 0.0001 ಮೋಲಾರ್‌ಗೆ ಇಳಿಸಿದರೆ ಕಥೆ ಬದಲಾಗುತ್ತದೆ. ಆಮ್ಲ ತೆಳುವಾದಷ್ಟೂ ಅದರಲ್ಲಿ ಒಡೆಯುವ ಪಾಲು ಹೆಚ್ಚುತ್ತದೆ. ಇಲ್ಲಿ ಮೂರನೇ ಒಂದು ಭಾಗವೇ ಒಡೆದಿರುತ್ತದೆ. ಅಷ್ಟನ್ನು ಕಳೆಯದೆ ಬಿಟ್ಟ ಸುಲಭದಾರಿ 4.37 ಎನ್ನುತ್ತದೆ, ವರ್ಗ ಸಮೀಕರಣ 4.46 ಎನ್ನುತ್ತದೆ. ಪಿಎಚ್ ಲಾಗರಿದಮ್ ಅಳತೆಯಾದ್ದರಿಂದ ಅಂತರ ಸಣ್ಣದಾಗಿ ಕಾಣುತ್ತದೆ, ಆದರೆ ಅಯಾನಿನ ಲೆಕ್ಕದಲ್ಲಿ ತಪ್ಪು ಶೇಕಡಾ 23ರಷ್ಟು. ತಪ್ಪು ಯಾವಾಗಲೂ ಒಂದೇ ಕಡೆಗೆ ವಾಲುತ್ತದೆ: ಉಳಿದ ಆಮ್ಲವನ್ನು ಹೆಚ್ಚೆಂದು ಎಣಿಸುವುದರಿಂದ ದ್ರಾವಣ ಇರುವುದಕ್ಕಿಂತ ಹುಳಿಯೆಂದು ತೋರುತ್ತದೆ. ಇನ್ನೂ ಹತ್ತು ಪಟ್ಟು ತೆಳುವಾಗಿಸಿದರೆ, ಬೆರೆಸಿದ ನೂರು ಅಣುಗಳಲ್ಲಿ 134 ಒಡೆದಿವೆ ಎಂಬ ಉತ್ತರ ಬರುತ್ತದೆ!

ಆದ್ದರಿಂದ ಮೊದಲು ಸುಲಭದಾರಿಯಲ್ಲೇ x ಕಂಡುಹಿಡಿದು, ಅದು C ಯ ಶೇಕಡಾ 5ನ್ನು ಮೀರಿದೆಯೇ ಎಂದು ನೋಡುವುದು ವಾಡಿಕೆ. ಮೀರದಿದ್ದರೆ ಉತ್ತರ ನಡೆಯುತ್ತದೆ, ಮೀರಿದರೆ ವರ್ಗ ಸಮೀಕರಣಕ್ಕೆ ಹೋಗಬೇಕು. C ಯು Ka ಯ 400 ಪಟ್ಟಿಗಿಂತ ದೊಡ್ಡದಿದ್ದರೆ ಸುಲಭದಾರಿ ಸಾಕು ಎಂಬುದೂ ಇದೇ ನಿಯಮದ ಇನ್ನೊಂದು ರೂಪ. ಅಸಿಟಿಕ್ ಆಮ್ಲಕ್ಕೆ ಆ ಗಡಿ ಸುಮಾರು 0.007 ಮೋಲಾರ್.

ವರ್ಗ ಸಮೀಕರಣಕ್ಕೂ ಒಂದು ಮಿತಿಯಿದೆ. 10⁻⁸ ಮೋಲಾರ್ ಆಮ್ಲಕ್ಕೆ ಅದು ಪಿಎಚ್ 8 ಎನ್ನುತ್ತದೆ, ಅಂದರೆ ಆಮ್ಲ ಬೆರೆಸಿದ ನೀರು ಪ್ರತ್ಯಾಮ್ಲವಾಯಿತು ಎಂದಂತೆ. ನೀರು ತಾನೇ ಬಿಡುವ ಹೈಡ್ರೋಜನ್ ಅಯಾನು ಆ ಲೆಕ್ಕದಲ್ಲಿಲ್ಲ. ಅದನ್ನೂ ಸೇರಿಸಿದಾಗ ಘನ ಸಮೀಕರಣ ಬರುತ್ತದೆ, ಉತ್ತರವೂ 7ಕ್ಕಿಂತ ತುಸು ಕೆಳಗೇ ನಿಲ್ಲುತ್ತದೆ.