ಬಸ್ಸಿನ ಮರೆಗೆ ಹೋದ ಸ್ಕೂಟರಿಗೆ ಎರಡನೇ ನಂಬರು

ನಾಲ್ಕು ರಸ್ತೆ ಕೂಡುವ ಸರ್ಕಲ್ಲಿನಲ್ಲಿ ಒಟ್ಟು ಎಷ್ಟು ಗಾಡಿ ಓಡಾಡಿದವು ಎಂಬ ಲೆಕ್ಕದಿಂದ ಹೆಚ್ಚು ಉಪಯೋಗವಿಲ್ಲ. ಯಾವ ಕಡೆಯಿಂದ ಬಂದದ್ದು ಯಾವ ಕಡೆಗೆ ತಿರುಗಿತು ಎಂಬುದು ಬೇಕು. ಬಲಕ್ಕೆ ತಿರುಗುವವರು ಎಷ್ಟು, ನೇರ ಹೋಗುವವರು ಎಷ್ಟು ಎಂದು ಗೊತ್ತಿಲ್ಲದೆ ಯಾವ ದಿಕ್ಕಿಗೆ ಎಷ್ಟು ಸೆಕೆಂಡು ಹಸಿರು ದೀಪ ಕೊಡಬೇಕೆಂದು ಹೇಗೆ ತೀರ್ಮಾನಿಸುವುದು? ಹಿಂದೆಲ್ಲ ಈ ಕೆಲಸಕ್ಕೆ ರಸ್ತೆ ಬದಿಯಲ್ಲಿ ಜನರನ್ನು ಕೂರಿಸಿ ಕಾಗದದ ಮೇಲೆ ಗೀಟು ಹಾಕಿಸುತ್ತಿದ್ದರು. ಈಗ ಕಂಬದ ಮೇಲಿನ ಕ್ಯಾಮೆರಾದ ವಿಡಿಯೊದಿಂದಲೇ ಎಣಿಸುವ ಪ್ರಯತ್ನ ನಡೆದಿದೆ. 2024ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಬೆಂಗಳೂರು ಸಂಚಾರ ಪೊಲೀಸರು ಸೇರಿ ನಡೆಸಿದ ಸ್ಪರ್ಧೆಯಲ್ಲಿ ಕೇಳಿದ್ದೂ ಇದನ್ನೇ: ಕ್ಯಾಮೆರಾ ದೃಶ್ಯ ನೋಡಿ, ಯಾವ ಬಗೆಯ ವಾಹನ ಎಷ್ಟು ಎತ್ತ ತಿರುಗುತ್ತವೆ ಎಂದು ಅಂದಾಜಿಸಿ ಹೇಳಿ.

ವಿಡಿಯೊ ಎಂದರೆ ಸೆಕೆಂಡಿಗೆ ಸುಮಾರು 25 ಚಿತ್ರಗಳ ಸಾಲು. ಯೋಲೋದಂಥ ಪತ್ತೆ ತಂತ್ರಾಂಶವು ಒಂದೊಂದು ಚಿತ್ರದಲ್ಲೂ ಕಂಡ ಗಾಡಿಗಳ ಸುತ್ತ ಚೌಕ ಬರೆಯುತ್ತದೆ, ಆದರೆ ಅದಕ್ಕೆ ಹಿಂದಿನ ಚಿತ್ರದ ನೆನಪಿಲ್ಲ. ಈ ಚಿತ್ರದ ಸ್ಕೂಟರ್ ಹಿಂದಿನ ಚಿತ್ರದಲ್ಲಿದ್ದ ಸ್ಕೂಟರೇ ಎಂದು ಗುರುತಿಸಿ, ಅದಕ್ಕೊಂದು ನಂಬರು ಕೊಟ್ಟು, ಕೊನೆಯವರೆಗೂ ಅದನ್ನೇ ಉಳಿಸಿಕೊಳ್ಳುವುದು ಟ್ರ್ಯಾಕರ್ ಎಂಬ ಬೇರೆ ತಂತ್ರಾಂಶದ ಕೆಲಸ. 2016ರಲ್ಲಿ ಬಂದ ಸಾರ್ಟ್ ಎಂಬ ಟ್ರ್ಯಾಕರ್ ಇದನ್ನು ತೀರಾ ಸರಳವಾಗಿ ಮಾಡಿತು. ಗಾಡಿ ಇಷ್ಟು ಹೊತ್ತು ಯಾವ ವೇಗದಲ್ಲಿತ್ತೋ ಅದೇ ವೇಗದಲ್ಲಿ ಮುಂದುವರಿದರೆ ಮುಂದಿನ ಚಿತ್ರದಲ್ಲಿ ಎಲ್ಲಿರಬೇಕು ಎಂದು ಊಹಿಸುವುದು, ಹೊಸ ಚೌಕಗಳಲ್ಲಿ ಆ ಊಹೆಯೊಂದಿಗೆ ಹೆಚ್ಚು ಹೊಂದುವುದನ್ನು ಆರಿಸಿ ಹಳೆಯ ನಂಬರನ್ನು ಅದಕ್ಕೆ ಅಂಟಿಸುವುದು. ಊಹೆಗೆ ಬಳಸುವುದು 1960ರ ಕಾಲ್ಮನ್ ಸೋಸುವಿಕೆ ಎಂಬ ಗಣಿತವನ್ನು. ಖಾಲಿ ಹೆದ್ದಾರಿಯಲ್ಲಿ ಇಷ್ಟೇ ಸಾಕು. ಸರ್ಕಲ್ಲಿನಲ್ಲಿ ಬಸ್ಸು ಅಡ್ಡ ಬರುತ್ತದೆ.

ಒಂದು ಸ್ಕೂಟರ್ ದಕ್ಷಿಣದಿಂದ ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ ಎನ್ನಿ, ಅಂದರೆ ಸೆಕೆಂಡಿಗೆ 5 ಮೀಟರ್. ಒಳಬರುವ ಗೆರೆ ದಾಟಿದಾಗ ಅದಕ್ಕೆ ಸಿಕ್ಕ ನಂಬರು 41. ಕ್ಯಾಮೆರಾಕ್ಕೂ ಅದಕ್ಕೂ ನಡುವೆ ಬಸ್ಸೊಂದು ಬಂದು ಎರಡು ಸೆಕೆಂಡು, ಎಂದರೆ 50 ಚಿತ್ರಗಳಷ್ಟು ಹೊತ್ತು, ಸ್ಕೂಟರ್ ಕಾಣುವುದಿಲ್ಲ. ಕಾಣದ ಗಾಡಿಗಾಗಿ ಎಷ್ಟು ಚಿತ್ರಗಳವರೆಗೆ ಕಾಯಬೇಕು ಎಂಬುದನ್ನು `max_age` ಎಂಬ ಸಂಖ್ಯೆ ನಿರ್ಧರಿಸುತ್ತದೆ. ಅದು 30 ಎಂದಿದ್ದರೆ 1.2 ಸೆಕೆಂಡಿಗೇ 41 ಅಳಿಸಿಹೋಗುತ್ತದೆ. ಬಸ್ಸಿನ ಆಚೆಯಿಂದ ಹೊರಬಂದ ಅದೇ ಸ್ಕೂಟರಿಗೆ 57 ಎಂಬ ಹೊಸ ನಂಬರು. ಒಳಬಂದವರ ಲೆಕ್ಕದಲ್ಲಿ ತಪ್ಪಿಲ್ಲ, ಹೊರಹೋದವರ ಲೆಕ್ಕದಲ್ಲೂ ಇಲ್ಲ. ಆದರೆ 41 ಎಲ್ಲಿಗೂ ಹೋಗಲಿಲ್ಲ, 57 ಎಲ್ಲಿಂದಲೂ ಬರಲಿಲ್ಲ. ತಿರುವಿನ ಪಟ್ಟಿಯಲ್ಲಿ ಒಬ್ಬ ಸವಾರ ಕಡಿಮೆ.

ಹಾಗಾದರೆ ಹೆಚ್ಚು ಹೊತ್ತು ಕಾಯಿಸೋಣ, `max_age` ಅನ್ನು 75 ಮಾಡೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. ಆಗ ಇನ್ನೊಂದು ತೊಂದರೆ ಶುರು. ಟ್ರ್ಯಾಕರ್ ಊಹಿಸುವುದು ಹಳೆಯ ವೇಗದಲ್ಲೇ, ಎಂದರೆ ಎರಡು ಸೆಕೆಂಡಿಗೆ 10 ಮೀಟರ್. ಸವಾರ ಬಸ್ಸಿನ ಮರೆಯಲ್ಲಿ ಬ್ರೇಕ್ ಹಿಡಿದು ಅರ್ಧ ವೇಗಕ್ಕೆ ಇಳಿದಿದ್ದರೆ ನಿಜವಾಗಿ ಹೋಗಿರುವುದು 5 ಮೀಟರ್ ಮಾತ್ರ. ನಮ್ಮ ರಸ್ತೆಗಳಲ್ಲಿ ಐದು ಮೀಟರ್ ಜಾಗ ಎಂದರೆ ಇನ್ನೆರಡು ದ್ವಿಚಕ್ರ ವಾಹನಗಳು ಆಗಲೇ ನುಗ್ಗಿರುತ್ತವೆ. 41 ಅವುಗಳಲ್ಲೊಂದಕ್ಕೆ ಅಂಟಿಕೊಳ್ಳುತ್ತದೆ. ನಂಬರು ಕಳೆದುಹೋಗುವುದಕ್ಕಿಂತ ಇದೇ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಕಳೆದುಹೋದರೆ ಪಟ್ಟಿಯಲ್ಲಿ ಖಾಲಿ ಜಾಗವಾದರೂ ಕಾಣುತ್ತದೆ, ಅದಲುಬದಲಾದರೆ ಪಟ್ಟಿ ಭರ್ತಿಯಾಗಿಯೇ ಇರುತ್ತದೆ. ಮದುವೆ ಛತ್ರದಲ್ಲಿ ಇಬ್ಬರು ಚಪ್ಪಲಿ ಬದಲಾಯಿಸಿಕೊಂಡು ಹೋದರೆ ಜೋಡಿಗಳ ಲೆಕ್ಕ ಸರಿಯಾಗಿಯೇ ಇರುತ್ತದಲ್ಲ, ಹಾಗೆ.

ದಕ್ಷಿಣದಿಂದ ಬಂದ ನಮ್ಮ 41ಕ್ಕೆ ಬಲಕ್ಕೆ, ಎಂದರೆ ಪೂರ್ವಕ್ಕೆ, ತಿರುಗಬೇಕಿತ್ತು. ಎದುರಿನಿಂದ, ಉತ್ತರದ ಕಡೆಯಿಂದ ಬಂದ 52 ನೇರವಾಗಿ ದಕ್ಷಿಣಕ್ಕೆ ಹೋಗುತ್ತಿತ್ತು. ಎರಡರ ದಾರಿಯೂ ಅಡ್ಡ ಹಾಯುವ ಜಾಗದಲ್ಲೇ ಬಸ್ಸು ನಿಂತಿತ್ತು, ಅದರ ಮರೆಯಲ್ಲಿ ನಂಬರುಗಳು ಅದಲುಬದಲಾದವು. ಈಗ ಪಟ್ಟಿ ಹೇಳುವುದು ಹೀಗೆ: ಉತ್ತರದಿಂದ ಬಂದವನು ಪೂರ್ವಕ್ಕೆ ಹೋದ, ದಕ್ಷಿಣದಿಂದ ಬಂದವನು ಮರಳಿ ದಕ್ಷಿಣಕ್ಕೇ ಹೋದ. ಪ್ರತಿ ರಸ್ತೆಯಿಂದ ಬಂದವರ ಮೊತ್ತ, ಪ್ರತಿ ರಸ್ತೆಗೆ ಹೋದವರ ಮೊತ್ತ, ಎರಡೂ ಹಾಗೆಯೇ ಇವೆ. ಮೊತ್ತ ತಾಳೆ ನೋಡಿ ಈ ತಪ್ಪು ಹಿಡಿಯಲಾಗದು.

ಆದರೆ ಸುಳಿವಿದೆ. ಯೂ ಟರ್ನ್ ನಿಷೇಧವಿರುವ ಸರ್ಕಲ್ಲಿನಲ್ಲಿ ದಕ್ಷಿಣದಿಂದ ದಕ್ಷಿಣಕ್ಕೆ ಹೋದವರು ಗುಂಪುಗುಂಪಾಗಿ ಕಂಡರೆ ಅವರೆಲ್ಲ ನಿಯಮ ಮುರಿದವರಲ್ಲ, ಬಹುಪಾಲು ಟ್ರ್ಯಾಕರ್‌ನ ಸೃಷ್ಟಿ. (ಬೆಂಗಳೂರಿನಲ್ಲಿ ಕೆಲವರು ನಿಜಕ್ಕೂ ಮುರಿದಿರುತ್ತಾರೆ, ಅದೂ ಉಂಟು.) ಉತ್ತರದಿಂದ ಪೂರ್ವಕ್ಕೆ ಹೋಗುವುದು ಸಾಮಾನ್ಯ ಎಡ ತಿರುವು, ಪಟ್ಟಿಯಲ್ಲಿ ಅನುಮಾನ ಬರುವುದಿಲ್ಲ. ದಾರಿಯನ್ನು ಗೆರೆಯಾಗಿ ಎಳೆದು ನೋಡಿದರೆ ಮಾತ್ರ ಗೊತ್ತಾಗುತ್ತದೆ: ಎಡಕ್ಕೆ ತಿರುಗುವವನು ಮೂಲೆ ಹಿಡಿದು ಹೋಗಬೇಕು, ಸರ್ಕಲ್ಲಿನ ನಡುವಿಗೆ ಬಂದು ಅಲ್ಲಿಂದ ಚೂಪಾಗಿ ಹೊರಳುವುದಿಲ್ಲ. ಅರ್ಧ ದಾರಿಯಲ್ಲಿ ಕಾರು ಸ್ಕೂಟರಾಗಿದ್ದರೆ ಅಥವಾ ಒಂದೇ ಚಿತ್ರದ ಅಂತರದಲ್ಲಿ ಗಾಡಿ ಮೂರು ಮೀಟರ್ ಜಿಗಿದಿದ್ದರೆ ಅಲ್ಲೂ ನಂಬರು ಬದಲಾಗಿದೆ ಎಂದೇ ತಿಳಿಯಬೇಕು.

ಈ ತೊಂದರೆಗೆ ಬಂದ ಪರಿಹಾರಗಳಲ್ಲಿ ಎರಡು ಮುಖ್ಯ. 2017ರ ಡೀಪ್‌ಸಾರ್ಟ್ ಪ್ರತಿ ಗಾಡಿಯ ರೂಪವನ್ನು 128 ಅಂಕಿಗಳಲ್ಲಿ ನೆನಪಿಟ್ಟುಕೊಂಡು, ಮರೆಯಿಂದ ಹೊರಬಂದಾಗ ಹೋಲಿಸಿ ನೋಡುತ್ತದೆ. ದ್ವಿಚಕ್ರ ಸವಾರರಿಗೆ ಇದು ತಕ್ಕಮಟ್ಟಿಗೆ ಹೊಂದುತ್ತದೆ, ಏಕೆಂದರೆ ಅಂಗಿಯ ಬಣ್ಣ ಬೇರೆ, ಹೆಲ್ಮೆಟ್ ಬೇರೆ. ಸಾಲಾಗಿ ನಿಂತ ಹಸಿರು ಹಳದಿ ಆಟೊಗಳ ಮುಂದೆ ಮಾತ್ರ ಈ ನೆನಪಿನ ಆಟ ನಡೆಯುವುದಿಲ್ಲ. ಅದೂ ಅಲ್ಲದೆ, ಬಹುಪಾಲು ಪತ್ತೆ ತಂತ್ರಾಂಶಗಳು ಕಲಿಯುವ ಕೊಕೊ ಎಂಬ ಚಿತ್ರಸಂಗ್ರಹದ 80 ಬಗೆಗಳಲ್ಲಿ ಆಟೊರಿಕ್ಷಾ ಇಲ್ಲವೇ ಇಲ್ಲ. ಅದು ಒಮ್ಮೆ ಕಾರು ಎನಿಸಿಕೊಳ್ಳುತ್ತದೆ, ಒಮ್ಮೆ ಲಾರಿ. ಭಾರತದ ರಸ್ತೆಗಳ ಚಿತ್ರಗಳಿಂದ ಮತ್ತೆ ಕಲಿಸದೆ ಇಲ್ಲಿ ಮುಂದುವರಿಯಲಾಗದು.

2021ರ ಬೈಟ್‌ಟ್ರ್ಯಾಕ್‌ನ ಉಪಾಯ ನನಗೆ ಹೆಚ್ಚು ಹಿಡಿಸುತ್ತದೆ. ಬಸ್ಸಿನ ಅಂಚಿನಲ್ಲಿ ಸ್ಕೂಟರಿನ ಕಾಲುಭಾಗ ಇಣುಕುತ್ತಿರುವಾಗ ಪತ್ತೆ ತಂತ್ರಾಂಶ ಅರೆಮನಸ್ಸಿನಿಂದ ಒಂದು ಚೌಕ ಬರೆಯುತ್ತದೆ. ಇಂಥ ಕಡಿಮೆ ಭರವಸೆಯ ಚೌಕಗಳನ್ನು ಮೊದಲೆಲ್ಲ ಎಸೆದುಬಿಡುತ್ತಿದ್ದರು. ಬೈಟ್‌ಟ್ರ್ಯಾಕ್ ಖಚಿತವಾದ ಚೌಕಗಳಿಗೆಲ್ಲ ನಂಬರು ಹಂಚಿದ ಮೇಲೆ, ಜೋಡಿ ಸಿಗದೆ ಉಳಿದ ನಂಬರುಗಳನ್ನು ಈ ಎಸೆಯಬೇಕಿದ್ದ ಚೌಕಗಳೊಂದಿಗೆ ಇನ್ನೊಮ್ಮೆ ಹೋಲಿಸುತ್ತದೆ. ಪೂರ್ತಿ ಮರೆಯಾಗಿರುವ ಹೊತ್ತು ಇದರಿಂದ ಕಡಿಮೆಯಾಗುತ್ತದೆ. ಪೂರ್ತಿ ಮುಚ್ಚಿಹೋದ ಸ್ಕೂಟರಿಗೆ ಇದರಿಂದಲೂ ಉಪಯೋಗವಿಲ್ಲ, ಅದಕ್ಕೆ ಕ್ಯಾಮೆರಾವನ್ನೇ ಇನ್ನಷ್ಟು ಎತ್ತರಕ್ಕೆ ಏರಿಸಬೇಕು. ಮೇಲಿನಿಂದ ನೋಡಿದಷ್ಟೂ ಬಸ್ಸಿನ ಮರೆ ಚಿಕ್ಕದು.

ಇಷ್ಟಾದರೂ ತುಂಡಾದ ದಾರಿಗಳು ಉಳಿಯುತ್ತವೆ. ಅವನ್ನು ಆಮೇಲೆ ಹೊಲಿಯಬಹುದು. ಗಾಡಿ ಸರ್ಕಲ್ಲಿನ ನಡುವೆ ಹುಟ್ಟುವುದಿಲ್ಲ, ಅಲ್ಲೇ ಮಾಯವಾಗುವುದೂ ಇಲ್ಲ. ಆದ್ದರಿಂದ ನಡುವೆ ಕೊನೆಗೊಂಡ 41ಕ್ಕೂ, ಎರಡು ಸೆಕೆಂಡಿನ ನಂತರ ಐದಾರು ಮೀಟರ್ ಆಚೆ ಹುಟ್ಟಿದ 57ಕ್ಕೂ ಬಗೆ, ವೇಗ, ದಿಕ್ಕು ಹೊಂದಿದರೆ ಒಂದೇ ಗಾಡಿ ಎಂದು ಜೋಡಿಸಬೇಕು. ಒಂದಕ್ಕಿಂತ ಹೆಚ್ಚು ಜೋಡಿ ಸಾಧ್ಯವಿದ್ದರೆ ಬಲವಂತ ಮಾಡದೆ 'ತಿರುವು ತಿಳಿಯದು' ಎಂಬ ಬೇರೆ ಅಂಕಣಕ್ಕೆ ಹಾಕುವುದು ಮೇಲು. ಆಮೇಲೆ ಹದಿನೈದು ನಿಮಿಷದ ವಿಡಿಯೊವನ್ನು ಮನುಷ್ಯರಿಂದಲೇ ಎಣಿಸಿ, ಪ್ರತಿ ತಿರುವನ್ನೂ ಬೇರೆಬೇರೆಯಾಗಿ ಹೋಲಿಸಬೇಕು, ಅದೂ ಮಧ್ಯಾಹ್ನದ ಬಿಡುವಿನ ಹೊತ್ತಿನದ್ದಲ್ಲ, ಸಂಜೆ ಆರರ ದಟ್ಟಣೆಯದ್ದು. ಒಂದು ತಿರುವಿನಲ್ಲಿ ಹೆಚ್ಚು ಬಂದದ್ದು ಇನ್ನೊಂದರಲ್ಲಿ ಅಷ್ಟೇ ಕಡಿಮೆ ಬಂದಿದ್ದರೆ, ಆ ಎರಡು ದಾರಿಗಳು ಅಡ್ಡ ಹಾಯುವ ಜಾಗದಲ್ಲಿ ಯಾವುದು ಮರೆ ಮಾಡುತ್ತಿದೆ ಎಂದು ವಿಡಿಯೊದಲ್ಲಿ ಹುಡುಕಬೇಕು.